ಯಾವ ಹೆಡ್ಡಿಂಗ್ ಗೆದ್ದಿತು ಎನ್ನುವ ಮುನ್ನ

"ನೀವು ಕೊಟ್ಟ ಹೆಡ್ಡಿಂಗ್ ಸಪ್ಪೆ ಇತ್ತು. ನಾವು ಬದಲಿಸಿದ ಮೇಲೇ ಸುದ್ದಿ ಓಡಿದ್ದು." ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರು ಡೆಸ್ಕ್‌ನಿಂದ ಕೇಳುವ ಮಾತುಗಳಲ್ಲಿ ಇದು ಮೊದಲನೆಯದು. ಮೊಬೈಲ್‌ನಲ್ಲಿ ಸುದ್ದಿ ಓದುವ ಕಾಲ ಬಂದ ಮೇಲೆ ಈ ಮಾತಿನ ಜತೆಗೆ ಒಂದು ಅಂಕಿಯೂ ಬರುತ್ತದೆ: ಹಳೆಯ ಹೆಡ್ಡಿಂಗ್‌ಗೆ ಇಷ್ಟು ಕ್ಲಿಕ್, ಹೊಸದಕ್ಕೆ ಇಷ್ಟು. ಅಂಕಿ ಕಂಡ ತಕ್ಷಣ ನಾವು ಸುಮ್ಮನಾಗುತ್ತೇವೆ. ಅಂಕಿಯ ಜತೆ ಜಗಳ ಆಡುವುದು ಹೇಗೆ?

ಆಡಬಹುದು, ಆಡಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಎರಡು ಹೆಡ್ಡಿಂಗ್‌ಗಳನ್ನು ಓದುಗರ ಮುಂದಿಟ್ಟು ಯಾವುದು ಹೆಚ್ಚು ಕೆಲಸ ಮಾಡಿತು ಎಂದು ನೋಡುವುದು ಒಳ್ಳೆಯ ಪದ್ಧತಿಯೇ. ಆದರೆ ನಮ್ಮ ಕಡೆ 'ಟೆಸ್ಟ್ ಮಾಡಿದ್ದೇವೆ' ಎಂಬ ಹೆಸರಿನಲ್ಲಿ ನಡೆಯುವ ಬಹುಪಾಲು ಹೋಲಿಕೆಗಳು ಏನನ್ನೂ ಸಾಬೀತು ಮಾಡುವುದಿಲ್ಲ. ಅವುಗಳ ಆಧಾರದ ಮೇಲೆಯೇ 'ಜನಕ್ಕೆ ಕಣ್ಣೀರು ಬೇಕು, ಆಶ್ಚರ್ಯಸೂಚಕ ಬೇಕು' ಎಂಬ ತೀರ್ಪು ಬರುತ್ತದೆ. ಆ ತೀರ್ಪಿನ ಭಾರ ಬೀಳುವುದು ನಾಲೆ ನೀರು, ಆಸ್ಪತ್ರೆ, ಬಸ್ಸು, ಬೆಲೆ ಎಂದು ಬರೆಯುವ ವರದಿಗಾರನ ಮೇಲೆ. ಹಾಗಾಗಿ ನ್ಯಾಯವಾದ ಪರೀಕ್ಷೆ ಹೇಗಿರುತ್ತದೆ ಎಂದು ಗೊತ್ತಿರಬೇಕಾದದ್ದು ಡೆಸ್ಕ್‌ನವರಿಗಿಂತ ಹೆಚ್ಚಾಗಿ ನಮಗೆ.

ಏಳು ಬದಲಾವಣೆ, ಒಂದು ತೀರ್ಪು

ನಮ್ಮ ಜಿಲ್ಲೆಯಲ್ಲಿ ಪದೇ ಪದೇ ಬರೆಯುವ ಸುದ್ದಿಯೊಂದನ್ನೇ ಹಿಡಿಯೋಣ. ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟಿರುತ್ತಾರೆ. ದಾವಣಗೆರೆ, ಹರಿಹರ ಕಡೆಯ ಕೊನೆ ಭಾಗದ ಗದ್ದೆಗಳಿಗೆ ಅದು ತಲುಪಿರುವುದಿಲ್ಲ. ವರದಿಗಾರ ಕಳಿಸಿದ ಹೆಡ್ಡಿಂಗ್ ಹೀಗಿದೆ ಎಂದುಕೊಳ್ಳಿ:

ಭದ್ರಾ ನಾಲೆ: ಕೊನೆ ಭಾಗದ ರೈತರಿಗೆ ತಲುಪದ ನೀರು

ಡೆಸ್ಕ್ ಬದಲಿಸಿದ್ದು ಹೀಗೆ:

ಕಣ್ಣೀರಿಟ್ಟ ಹರಿಹರದ ರೈತ! ನಾಲೆಯಲ್ಲಿ ನಡೆದದ್ದೇನು ಗೊತ್ತಾ?

ಎರಡನೆಯದಕ್ಕೆ ಹೆಚ್ಚು ಕ್ಲಿಕ್ ಬಂದಿತು ಎಂದೇ ಇಟ್ಟುಕೊಳ್ಳಿ. ಕಲಿತದ್ದೇನು? ಎರಡರ ನಡುವೆ ಎಷ್ಟು ಬದಲಾಗಿದೆ ಎಂದು ಬೆರಳು ಮಡಿಸಿ ನೋಡಿ. ಊರಿನ ಹೆಸರು ಬಂತು. 'ಕಣ್ಣೀರು' ಎಂಬ ಭಾವದ ಪದ ಬಂತು. 'ರೈತರು' ಹೋಗಿ ಒಬ್ಬ 'ರೈತ' ಬಂದ. ಹೇಳಿಕೆ ಇದ್ದದ್ದು ಪ್ರಶ್ನೆಯಾಯಿತು. ನೀರು ಬಂದಿಲ್ಲ ಎಂಬ ವಿಷಯವನ್ನು ಹೇಳದೆ ಮುಚ್ಚಿಡಲಾಯಿತು. ಭದ್ರಾ ಎಂಬ ಹೆಸರು ಬಿಟ್ಟುಹೋಯಿತು. ಆಶ್ಚರ್ಯಸೂಚಕ ಸೇರಿತು. ಏಳು ಬದಲಾವಣೆ, ಆದರೆ ಸಿಕ್ಕಿದ್ದು ಒಂದೇ ಅಂಕಿ. ಡೆಸ್ಕ್ ಹೇಳುವುದು 'ಕಣ್ಣೀರು ಗೆದ್ದಿತು' ಎಂದು. ಹರಿಹರದ ಹೆಸರು ನೋಡಿ ಹರಿಹರದವರು ತೆರೆದಿದ್ದರೆ? ಕಣ್ಣೀರು ಎಂಬ ಪದ ಒಂದಿಷ್ಟು ಜನರನ್ನು ದೂರ ತಳ್ಳಿದ್ದು, ಊರಿನ ಹೆಸರು ಅದಕ್ಕಿಂತ ಹೆಚ್ಚು ಜನರನ್ನು ಎಳೆದಿದ್ದರೆ? ಆಗ ಗೆದ್ದ ಹೆಡ್ಡಿಂಗ್‌ನೊಳಗೇ ಸೋತ ಪದ ಕೂತಿರುತ್ತದೆ. ನಾಳೆಯಿಂದ ಎಲ್ಲ ಸುದ್ದಿಗೂ ಆ ಸೋತ ಪದವನ್ನೇ ಅಂಟಿಸುತ್ತೇವೆ.

ಇದಕ್ಕೆ ಪರಿಹಾರ ಸರಳ. ಒಂದೇ ಒಂದು ಅಂಶ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ.

ಅ: ಭದ್ರಾ ನಾಲೆ: ಕೊನೆ ಭಾಗದ ರೈತರಿಗೆ ತಲುಪದ ನೀರು

ಆ: ಭದ್ರಾ ನಾಲೆ: ಹರಿಹರದ ರೈತರಿಗೆ ತಲುಪದ ನೀರು

'ಕೊನೆ ಭಾಗದ' ಹೋಗಿ 'ಹರಿಹರದ' ಬಂದಿದೆ, ಅಷ್ಟೆ. ಈಗ ಕೇಳುತ್ತಿರುವ ಪ್ರಶ್ನೆ ಸ್ಪಷ್ಟ: ತಾಲ್ಲೂಕಿನ ಹೆಸರು ಹಾಕಿದರೆ ಓದುಗ ಹೆಚ್ಚು ತೆರೆಯುತ್ತಾನೆಯೇ? ಉತ್ತರ ಏನೇ ಬಂದರೂ ಅದು ಮುಂದಿನ ಸುದ್ದಿಗೂ ಉಪಯೋಗಕ್ಕೆ ಬರುತ್ತದೆ. ಫೋಟೊ ಒಂದೇ ಇರಬೇಕು, ಕೆಳಗಿನ ಎರಡು ಸಾಲಿನ ಸಾರಾಂಶ ಒಂದೇ ಇರಬೇಕು, ಕಳಿಸುವ ಗಂಟೆಯೂ ಒಂದೇ ಇರಬೇಕು.

ಇಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ನಮ್ಮ ಹೆಡ್ಡಿಂಗ್‌ನಲ್ಲಿ ಮುಖ್ಯ ಸಂಗತಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ: 'ತಲುಪದ ನೀರು', 'ಕುಸಿದ ಬೆಲೆ', 'ನೀಗದ ಗೋಳು'. ಮೊಬೈಲ್ ಪರದೆಯಲ್ಲಿ ಉದ್ದದ ಹೆಡ್ಡಿಂಗ್ ಬಾಲ ಕತ್ತರಿಸಿಕೊಂಡು ಮೂರು ಚುಕ್ಕೆಯಾಗುತ್ತದೆ. ನಾವು ಒಂದೇ ಪದ ಸೇರಿಸಿದ್ದೇವೆ ಎಂದುಕೊಂಡಿರುತ್ತೇವೆ, ಆದರೆ ಆ ಪದದಿಂದ ಸಾಲು ಉದ್ದವಾಗಿ 'ನೀರು' ಎಂಬುದೇ ಕಾಣದೆ ಹೋಗಿರುತ್ತದೆ. ಆಗ ಬದಲಾದದ್ದು ಒಂದಲ್ಲ, ಎರಡು. ಹಾಗಾಗಿ ಎರಡೂ ಹೆಡ್ಡಿಂಗನ್ನು ಮೊದಲು ಒಂದು ಚಿಕ್ಕ ಫೋನಿನಲ್ಲಿ ತೆರೆದು, ಎರಡೂ ಪೂರ್ತಿ ಕಾಣುತ್ತವೆಯೇ ಎಂದು ನೋಡಬೇಕು.

ಇನ್ನೊಂದು ಷರತ್ತು ಪತ್ರಿಕಾ ಧರ್ಮದ್ದು. ಎರಡು ಹೆಡ್ಡಿಂಗೂ ನಿಜವಿರಬೇಕು. ನೀರು ಬಾರದಿರುವುದು ಹರಿಹರ ತಾಲ್ಲೂಕಿನ ಎರಡೇ ಹಳ್ಳಿಗಳಿಗಾದರೆ 'ಹರಿಹರದ ರೈತರಿಗೆ' ಎಂಬುದು ಪರೀಕ್ಷೆಗೇ ಅರ್ಹವಲ್ಲ. ನಿಜಕ್ಕೂ ಸುಳ್ಳಿಗೂ ಪೈಪೋಟಿ ಇಟ್ಟು ಯಾವುದು ಓಡುತ್ತದೆ ಎಂದು ಓದುಗರನ್ನು ಕೇಳುವುದು ಪರೀಕ್ಷೆಯಲ್ಲ.

ಎಂ.ಸಿ.ಸಿ. ಬಡಾವಣೆಗೊಂದು, ಹರಿಹರಕ್ಕೊಂದು

ಹೆಡ್ಡಿಂಗ್ ಸರಿಯಾಗಿ ಕಟ್ಟಿದ ಮೇಲೆ ಅದನ್ನು ಯಾರಿಗೆ ತೋರಿಸುತ್ತೇವೆ ಎಂಬಲ್ಲಿ ಎರಡನೇ ಎಡವಟ್ಟು ಕಾದಿದೆ. ಜಿಲ್ಲೆಯ ಸಣ್ಣ ಸುದ್ದಿ ತಾಣಗಳಿಗೆ ಓದುಗರು ಬರುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಿಂದ. ಸುದ್ದಿಗೆಳೆಯರೊಬ್ಬರು ನಮ್ಮ ಮುಂದೆ ವಾದಿಸಿದ ರೀತಿ ಇದು: "ಒಂದು ಹೆಡ್ಡಿಂಗನ್ನು ಎಂ.ಸಿ.ಸಿ. ಬಡಾವಣೆಯ ಗ್ರೂಪಿಗೆ ಹಾಕಿದರಾಯ್ತು, ಇನ್ನೊಂದನ್ನು ಹರಿಹರದ ಗ್ರೂಪಿಗೆ. ಎರಡರಲ್ಲೂ ಹೆಚ್ಚೂಕಡಿಮೆ ಅಷ್ಟೇ ಜನ ಇದ್ದಾರೆ. ಎಲ್ಲಿ ಜಾಸ್ತಿ ಕ್ಲಿಕ್ ಬರುತ್ತೋ ಅದೇ ಗೆದ್ದ ಹಾಗೆ."

ಇದು ಸುಲಭ, ಆದರೆ ನ್ಯಾಯವಲ್ಲ. ಎಂ.ಸಿ.ಸಿ. 'ಎ' ಬ್ಲಾಕು, 'ಬಿ' ಬ್ಲಾಕುಗಳಲ್ಲಿ ನಾಲೆ ನೀರು ಸಂಜೆಯ ಮಾತಾಗಬಹುದು. ತುಂಗಭದ್ರೆಯ ದಡದ ಹರಿಹರದ ಸುತ್ತ ಅದೇ ನೀರು ಬೆಳೆಯ ಪ್ರಶ್ನೆ. ಒಂದೇ ಹೆಡ್ಡಿಂಗನ್ನು ಎರಡೂ ಗ್ರೂಪಿಗೆ ಹಾಕಿದರೂ ಹರಿಹರದಲ್ಲಿ ಹೆಚ್ಚು ಕ್ಲಿಕ್ ಬರುವ ಸಾಧ್ಯತೆಯೇ ಹೆಚ್ಚು. ಸ್ಮಾರ್ಟ್ ಸಿಟಿ ಕಾಮಗಾರಿಯ ಸುದ್ದಿಯಾದರೆ ಲೆಕ್ಕ ತಿರುಗುಮುರುಗಾಗಬಹುದು. ಹೀಗಾಗಿ ಬಂದ ವ್ಯತ್ಯಾಸ ಹೆಡ್ಡಿಂಗಿನದೋ ಊರಿನದೋ ಹೇಳಲು ದಾರಿಯೇ ಇರುವುದಿಲ್ಲ.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಕೆಜೋಳದ ಒಂದು ತಳಿಯನ್ನು ನಾಲೆಯ ಮೇಲ್ಭಾಗದ ಹೊಲದಲ್ಲೂ ಇನ್ನೊಂದನ್ನು ಕೊನೆ ಭಾಗದ ಹೊಲದಲ್ಲೂ ಬಿತ್ತಿ, ಮೊದಲನೆಯದೇ ಒಳ್ಳೆಯ ತಳಿ ಎಂದರೆ ಯಾರೂ ಒಪ್ಪುವುದಿಲ್ಲ. ಕೃಷಿ ಪ್ರಯೋಗದಲ್ಲಿ ಒಂದೇ ಹೊಲವನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಈ ಕ್ರಮವನ್ನು ಶಾಸ್ತ್ರವಾಗಿ ಕಟ್ಟಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ರೊನಾಲ್ಡ್ ಫಿಶರ್. ಇಂದು ದೊಡ್ಡ ಸುದ್ದಿ ತಾಣಗಳು ಹೆಡ್ಡಿಂಗ್ ಪರೀಕ್ಷೆಯಲ್ಲಿ ಮಾಡುವುದೂ ಅದೇ ಹೊಲದ ಕೆಲಸ. ಪುಟಕ್ಕೆ ಬಂದ ಪ್ರತಿ ಓದುಗನಿಗೂ ಯಂತ್ರವೇ ಚೀಟಿ ಎತ್ತಿ, ಅ ಅಥವಾ ಆ ತೋರಿಸುತ್ತದೆ.

ನಮ್ಮ ಬಳಿ ಆ ಯಂತ್ರ ಇಲ್ಲದಿದ್ದರೂ ಚೀಟಿ ಎತ್ತಬಹುದು. ನಿಮ್ಮ ಸುದ್ದಿ ಕೇಳಿ ನಂಬರ್ ಕೊಟ್ಟವರು 400 ಜನ ಇದ್ದಾರೆ ಎನ್ನಿ. ಹೆಸರುಗಳನ್ನು ಸ್ಪ್ರೆಡ್‌ಶೀಟಿನ ಒಂದು ಕಾಲಂನಲ್ಲಿ ಹಾಕಿ, ಪಕ್ಕದ ಕಾಲಂನಲ್ಲಿ ಈ ಸೂತ್ರ ಕೊಡಿ:

```
=RAND()
```

ಬಂದ ಸಂಖ್ಯೆಗಳ ಪ್ರಕಾರ ಪಟ್ಟಿಯನ್ನು ಜೋಡಿಸಿದರೆ ಹೆಸರುಗಳು ಕಲಸಿಹೋಗುತ್ತವೆ. ಮೊದಲ 200 ಜನರಿಗೆ ಅ, ಉಳಿದ 200 ಜನರಿಗೆ ಆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇರುವುದರಿಂದ ಎರಡು ಪಟ್ಟಿ ಸಾಕು. ಕಲಸದೆ ಅಕಾರಾದಿಯಾಗಿ ಅರ್ಧ ಮಾಡಬಾರದು. ನಾವೆಲ್ಲ ನಂಬರ್ ಸೇವ್ ಮಾಡುವುದೇ 'ರೈತ ಸಂಘ' ಅವರು, 'ವಕೀಲ' ಇವರು, 'ಹರಿಹರ' ಮತ್ತೊಬ್ಬರು ಎಂದು. ಅಕಾರಾದಿಯಲ್ಲಿ ಕತ್ತರಿಸಿದರೆ ಹರಿಹರದವರೆಲ್ಲ ಒಂದೇ ಕಡೆ ಬೀಳುತ್ತಾರೆ, ಮತ್ತೆ ಅದೇ ಅನ್ಯಾಯ.

ಎರಡು ಗುಂಪಿಗೂ ಬೇರೆ ಬೇರೆ ಲಿಂಕ್ ಮಾಡಿಕೊಂಡು ಕ್ಲಿಕ್ ಎಣಿಸಬೇಕು. ಇಲ್ಲೂ ಒಂದು ಎಚ್ಚರಿಕೆ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹಾಕಿದಾಗ ಫೋಟೊ ಜತೆ ಮೂಡುವ ಚೌಕದಲ್ಲಿ ಕಾಣುವುದು ನೀವು ಟೈಪ್ ಮಾಡಿದ ಸಾಲಲ್ಲ. ಅದು ಪುಟದ ಒಳಗೆ `og:title` ಎಂದು ಬರೆದಿಟ್ಟ ಹೆಡ್ಡಿಂಗ್. ಮೇಲೆ ಅ, ಆ ಎಂದು ಬೇರೆ ಬೇರೆ ಟೈಪ್ ಮಾಡಿ ಕಳಿಸಿದರೂ ಕೆಳಗಿನ ಚೌಕದಲ್ಲಿ ಇಬ್ಬರಿಗೂ ಒಂದೇ ಹೆಡ್ಡಿಂಗ್ ದಪ್ಪಕ್ಷರದಲ್ಲಿ ಕಂಡರೆ ಪರೀಕ್ಷೆ ನಡೆದೇ ಇಲ್ಲ ಎಂದರ್ಥ. ಕಳಿಸುವ ಮುನ್ನ ಆ ಚೌಕವನ್ನು ತೆಗೆಯಿರಿ, ಇಲ್ಲವೇ ಎರಡು ಪುಟಗಳಿಗೂ ಅದನ್ನು ಬೇರೆ ಬೇರೆಯಾಗಿ ಬರೆಯಿರಿ.

24 ಮತ್ತು 32

ಈಗ ಅಂಕಿಗೆ ಬರೋಣ. ಇವು ಲೆಕ್ಕ ತೋರಿಸಲೆಂದು ನಾವು ಹಿಡಿದ ಅಂಕಿಗಳು. ಅ ಹೋದ 200 ಜನರಲ್ಲಿ 24 ಮಂದಿ ತೆರೆದರು, ಆ ಹೋದ 200 ಜನರಲ್ಲಿ 32 ಮಂದಿ. ಶೇಕಡ 12 ಮತ್ತು ಶೇಕಡ 16. ಡೆಸ್ಕ್‌ನ ಭಾಷೆಯಲ್ಲಿ ಹೇಳುವುದಾದರೆ 'ಮೂರನೇ ಒಂದು ಪಾಲು ಹೆಚ್ಚು ಕ್ಲಿಕ್'. ಕೇಳಲು ಭರ್ಜರಿಯಾಗಿದೆ.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಹೆಡ್ಡಿಂಗ್ ಯಾವುದಾದರೂ ಆ 56 ಜನ ತೆರೆಯುವವರೇ ಆಗಿದ್ದರೆ? ಅಂದರೆ ಅವರಿಗೆ ನಾಲೆ ಸುದ್ದಿ ಬೇಕೇ ಬೇಕು, ಹೆಡ್ಡಿಂಗ್ ಲೆಕ್ಕಕ್ಕೇ ಇಲ್ಲ. ಆಗಲೂ ಚೀಟಿ ಎತ್ತಿದಾಗ ಅವರು ಸರಿಯಾಗಿ 28–28 ಎಂದು ಎರಡು ಗುಂಪಿಗೆ ಬೀಳುವುದು ಅಪರೂಪ. 400 ಚೀಟಿಯಲ್ಲಿ 56ಕ್ಕೆ ಗುರುತು ಹಾಕಿ, ಕಲಸಿ, ಎರಡು ರಾಶಿ ಮಾಡಿ ಎಣಿಸಿ. ಮತ್ತೆ ಕಲಸಿ, ಮತ್ತೆ ಎಣಿಸಿ. ಎರಡು ರಾಶಿಯ ನಡುವೆ 8 ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಹತ್ತರಲ್ಲಿ ಸುಮಾರು ಮೂರು ಸಲ ತಾನಾಗಿಯೇ ಬರುತ್ತದೆ. ಹೆಡ್ಡಿಂಗಿನ ಕೈವಾಡವೇ ಇಲ್ಲದೆ ಇಷ್ಟು ಸುಲಭವಾಗಿ ಬರುವ ಅಂತರವನ್ನು ಹೆಡ್ಡಿಂಗಿನ ಗೆಲುವು ಎಂದು ಹೇಗೆ ಕರೆಯುವುದು?

ಲೆಕ್ಕಶಾಸ್ತ್ರ ಕಲಿಯದವರಿಗೂ ಹಿಡಿಸುವ ಒಂದು ಅಂದಾಜು ಸೂತ್ರವಿದೆ. ಎರಡೂ ಗುಂಪು ಸಮನಾಗಿದ್ದು, ತೆರೆದವರು ಒಟ್ಟು ಜನರಲ್ಲಿ ಸಣ್ಣ ಪಾಲಾಗಿದ್ದರೆ ಇದು ಸಾಕು. ಎರಡರ ಕ್ಲಿಕ್ ಕೂಡಿಸಿ, ಅದರ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಕ್ಲಿಕ್‌ಗಳ ಅಂತರ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬಾಯಿ ತೆರೆಯಿರಿ. ನಮ್ಮ ಲೆಕ್ಕದಲ್ಲಿ 56ರ ವರ್ಗಮೂಲ ಸುಮಾರು ಏಳೂವರೆ, ಅದರ ಎರಡರಷ್ಟು 15. ನಮ್ಮ ಅಂತರ ಬರೀ 8. ಇದೇ 56 ಕ್ಲಿಕ್‌ಗಳು 20 ಮತ್ತು 36 ಎಂದು ಬಿದ್ದಿದ್ದರೆ ಅಂತರ 16 ಆಗಿ ಹೊಸ್ತಿಲು ದಾಟುತ್ತಿತ್ತು.

ಹಾಗಾದರೆ 24–32ರ ತೀರ್ಪೇನು? 'ಹರಿಹರ ಎಂಬ ಹೆಸರಿನಿಂದ ಪ್ರಯೋಜನವಿಲ್ಲ' ಎಂದಲ್ಲ. 'ಇಷ್ಟು ಜನರಲ್ಲಿ ತಿಳಿಯಲಿಲ್ಲ' ಎಂದು. ಈ ಎರಡು ಮಾತಿನ ವ್ಯತ್ಯಾಸವೇ ನ್ಯಾಯವಾದ ತೀರ್ಪಿನ ತಿರುಳು. ಶೇಕಡ 12 ಮತ್ತು 16ರ ನಡುವಿನ ವ್ಯತ್ಯಾಸ ನಿಜಕ್ಕೂ ಇದ್ದರೆ, ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಲು ಪ್ರತಿ ಗುಂಪಿನಲ್ಲಿ ಹತ್ತಿರ ಹತ್ತಿರ 1,200 ಜನ ಬೇಕು. ನಮ್ಮಲ್ಲಿರುವುದು 200. ಸಣ್ಣ ತಕ್ಕಡಿಯಲ್ಲಿ ಜೋಳದ ಲಾರಿ ತೂಗಲು ಹೊರಟಂತೆ.

ಆದರೆ ನಮ್ಮಂಥ ಸಣ್ಣವರಿಗೂ ಒಂದು ದಾರಿ ಇದೆ. ಪ್ರಶ್ನೆ ಒಂದೇ ಇಟ್ಟುಕೊಂಡು ಸುದ್ದಿ ಬದಲಿಸುತ್ತ ಹೋಗುವುದು. ನಾಲೆ ಸುದ್ದಿಯಲ್ಲಿ ತಾಲ್ಲೂಕಿನ ಹೆಸರು ಹಾಕಿ ಒಮ್ಮೆ, ಹಾಕದೆ ಒಮ್ಮೆ. ಮುಂದಿನ ವಾರ ಬಸ್ಸಿನ ಸುದ್ದಿಯಲ್ಲಿ ಅದೇ ಪ್ರಶ್ನೆ. ಆಮೇಲೆ ಮೆಕ್ಕೆಜೋಳದ ಬೆಲೆ, ಆಮೇಲೆ ಆಸ್ಪತ್ರೆ. ಪ್ರತಿ ಸಲವೂ 400 ಜನರನ್ನು ಹೊಸದಾಗಿ ಕಲಸಬೇಕು. ಹಳೆಯ ಗುಂಪನ್ನೇ ಮುಂದುವರಿಸಿದರೆ ಮೊದಲ ದಿನ ಅದೃಷ್ಟದಿಂದ ಒಂದು ಕಡೆ ಬಿದ್ದ ಚುರುಕು ಓದುಗರು ಪ್ರತಿ ವಾರವೂ ಅದೇ ಕಡೆಯನ್ನು ಗೆಲ್ಲಿಸುತ್ತಾರೆ. ಆರು ಸುದ್ದಿಯ ನಂತರ ಕೂಡಿಸಿ ನೋಡಿ. ಪ್ರತಿ ಸಲವೂ ಅದೇ 24–32ರ ಆಸುಪಾಸು ಬಂದಿದ್ದರೆ ಒಟ್ಟು 144 ಮತ್ತು 192 ಆಗಿರುತ್ತದೆ. ಕೂಡಿಸಿದರೆ 336, ವರ್ಗಮೂಲ 18ರ ಮೇಲೆ, ಎರಡರಷ್ಟು ಸುಮಾರು 37. ಅಂತರ 48. ಈಗ ಹೊಸ್ತಿಲು ದಾಟಿದೆ. ಒಂದು ಸುದ್ದಿಯಲ್ಲಿ ಗೊತ್ತಾಗದಿದ್ದದ್ದು ಆರರಲ್ಲಿ ಗೊತ್ತಾಯಿತು. ಸಿಕ್ಕ ಉತ್ತರ ಒಂದು ನಾಲೆ ಸುದ್ದಿಗೆ ಮಾತ್ರ ಅಲ್ಲ, ನಮ್ಮ ಜಿಲ್ಲಾ ಸುದ್ದಿಯ ಒಂದು ಪದ್ಧತಿಗೇ ಅನ್ವಯಿಸುತ್ತದೆ.

ಆರನ್ನು ಕೂಡಿಸುವ ಮುನ್ನ ಬಿಡಿಬಿಡಿಯಾಗಿಯೂ ಕಣ್ಣಾಡಿಸಬೇಕು. ಐದು ಸುದ್ದಿ ಸಮಸಮವಾಗಿದ್ದು ಒಂದರಲ್ಲಿ ಮಾತ್ರ ದೊಡ್ಡ ಅಂತರ ಬಂದಿದ್ದರೆ, ಆ ಒಂದರ ಕ್ಲಿಕ್‌ಗಳು ಯಾವ ಗಂಟೆಯಲ್ಲಿ ಬಂದವು ಎಂದು ನೋಡಿ. ಹತ್ತು ನಿಮಿಷದಲ್ಲಿ ಮೂವತ್ತು ಕ್ಲಿಕ್ ಒಟ್ಟಿಗೆ ಬಂದಿದ್ದರೆ ಯಾರೋ ಒಬ್ಬರು ಆ ಲಿಂಕನ್ನು ದೊಡ್ಡ ಗ್ರೂಪಿಗೆ ಫಾರ್ವರ್ಡ್ ಮಾಡಿರುತ್ತಾರೆ. ಅದು ಒಬ್ಬ ಓದುಗನ ಕೆಲಸ, ಮೂವತ್ತು ಓದುಗರ ತೀರ್ಪಲ್ಲ. ಅಂಥ ಸುದ್ದಿಯನ್ನು ಪಕ್ಕಕ್ಕಿಟ್ಟು ಉಳಿದವನ್ನು ಎಣಿಸುವುದೇ ಸರಿ. ಅದು ನಮಗೆ ಬೇಕಾದ ಕಡೆಯನ್ನು ಗೆಲ್ಲಿಸಿದ್ದರೂ ಪಕ್ಕಕ್ಕಿಡಬೇಕು.

ಆಟ ಮುಗಿಯುವ ಹೊತ್ತು ಮೊದಲೇ ಗೊತ್ತಿರಲಿ

ಅನ್ಯಾಯದ ಮೂರನೇ ಬಾಗಿಲು ನಾವು ಪದೇ ಪದೇ ಇಣುಕುವುದು. ಬೆಳಿಗ್ಗೆ ಏಳಕ್ಕೆ ಲಿಂಕ್ ಕಳಿಸಿ, ಎಂಟಕ್ಕೆ ನೋಡಿದರೆ ಅ ಮುಂದಿದೆ. ಹತ್ತಕ್ಕೆ ನೋಡಿದರೆ ಸಮಸಮ. ಹನ್ನೊಂದಕ್ಕೆ ಆ ಮುಂದೆ. ನಮ್ಮ ಮನಸ್ಸಿನಲ್ಲಿ ಆ ಗೆಲ್ಲಲಿ ಎಂದಿದ್ದರೆ ಹನ್ನೊಂದಕ್ಕೇ 'ಗೆದ್ದಿತು' ಎಂದು ನಿಲ್ಲಿಸುತ್ತೇವೆ. ಇದು ಕ್ರಿಕೆಟ್‌ನಲ್ಲಿ ನಮ್ಮ ತಂಡ ಮುಂದಿರುವ ಓವರಿನಲ್ಲೇ ವಿಕೆಟ್ ಕಿತ್ತುಕೊಂಡು ಮನೆಗೆ ಹೋದಂತೆ. ಮೇಲೆ ಹೇಳಿದ ವರ್ಗಮೂಲದ ಸೂತ್ರ ನಂಬಿಕೆಗೆ ಅರ್ಹವಾಗುವುದು ಒಂದೇ ಸಲ, ಮೊದಲೇ ನಿಗದಿ ಮಾಡಿದ ಹೊತ್ತಿಗೆ ನೋಡಿದಾಗ ಮಾತ್ರ. ಗಂಟೆಗೊಮ್ಮೆ ನೋಡಿ, ಹೊಸ್ತಿಲು ದಾಟಿದ ಗಳಿಗೆಯಲ್ಲಿ ನಿಲ್ಲಿಸಿದರೆ ಆಕಸ್ಮಿಕವೇ ಗೆಲ್ಲುವ ಸಾಧ್ಯತೆ ಬಹಳ ಹೆಚ್ಚುತ್ತದೆ.

ಓದುಗರ ದಿನಚರಿಯೂ ಇದರಲ್ಲಿ ಸೇರಿದೆ. ಎ.ಪಿ.ಎಂ.ಸಿ.ಗೆ ಮಾಲು ತಂದವರು ಫೋನ್ ನೋಡುವ ಹೊತ್ತು ಒಂದು, ಕಚೇರಿಯವರದು ಇನ್ನೊಂದು, ಮನೆಗೆಲಸ ಮುಗಿಸಿ ಕೂರುವವರದು ಮತ್ತೊಂದು. ಬೆಳಿಗ್ಗೆ ಏಳಕ್ಕೆ ಕಳಿಸಿದ್ದನ್ನು ಮರುದಿನ ಏಳಕ್ಕೆ ಎಣಿಸಿದರೆ ಎಲ್ಲರ ಸರದಿಯೂ ಬಂದಿರುತ್ತದೆ. ಆದ್ದರಿಂದ ಲಿಂಕ್ ಕಳಿಸುವ ಮೊದಲೇ ಒಂದು ಹಾಳೆಯಲ್ಲಿ ಮೂರು ಸಾಲು ಬರೆದಿಡಿ: ಬದಲಿಸಿದ ಅಂಶ ಯಾವುದು, ಎಣಿಸುವ ಹೊತ್ತು ಯಾವುದು, ಎಣಿಸುವುದು ಏನನ್ನು.

ಆ ಮೂರನೇ ಸಾಲು ಎಲ್ಲಕ್ಕಿಂತ ಮುಖ್ಯ. ಕ್ಲಿಕ್ ಎಣಿಸುತ್ತೇವೆಯೋ, ಓದಿದ್ದನ್ನು ಎಣಿಸುತ್ತೇವೆಯೋ? 'ನಡೆದದ್ದೇನು ಗೊತ್ತಾ?' ಎಂಬ ಹೆಡ್ಡಿಂಗ್ ಕ್ಲಿಕ್ ತರಬಹುದು. ಒಳಗೆ ಬಂದವನು ನಾಲೆ ನೀರಿನ ಸುದ್ದಿ ಕಂಡು ಎರಡು ಸೆಕೆಂಡಿನಲ್ಲಿ ಹಿಂದೆ ಹೋದರೆ ಸಿಕ್ಕಿದ್ದೇನು? ಈ ಕಾರಣಕ್ಕೇ ಫೇಸ್‌ಬುಕ್ 2014ರ ಆಗಸ್ಟ್‌ನಲ್ಲಿ, ಲಿಂಕ್ ಒತ್ತಿದ ಜನ ಹೊರಗಿನ ಪುಟದಲ್ಲಿ ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಾಗಿ ಹೇಳಿತು. ಯೂಟ್ಯೂಬ್‌ ತನ್ನ ಥಂಬ್‌ನೇಲ್ ಹೋಲಿಕೆಯಲ್ಲಿ ಗೆಲುವನ್ನು ಕ್ಲಿಕ್‌ನಿಂದ ಅಳೆಯುವುದಿಲ್ಲ, ನೋಡಿದ ಸಮಯದಿಂದ ಅಳೆಯುತ್ತದೆ. ನಾವೂ ಸುದ್ದಿಯ ಕೊನೆಯ ಪ್ಯಾರಾದವರೆಗೆ ಬಂದವರನ್ನು ಎಣಿಸಲು ಸಾಧ್ಯವಿದ್ದರೆ ಅದನ್ನೇ ಎಣಿಸಬೇಕು. ಆದರೆ ಯಾವುದನ್ನು ಎಣಿಸುತ್ತೇವೆ ಎಂದು ಮೊದಲೇ ಬರೆದಿರಬೇಕು. ಕ್ಲಿಕ್‌ನಲ್ಲಿ ಸೋತ ಮೇಲೆ 'ಓದಿದ ಸಮಯದಲ್ಲಿ ನಮ್ಮದೇ ಗೆದ್ದಿದೆ' ಎನ್ನುವುದು ಡೆಸ್ಕ್‌ನ ತಪ್ಪನ್ನೇ ನಾವು ಮಾಡಿದಂತೆ.

ದೊಡ್ಡ ತಕ್ಕಡಿ ಹೇಳಿದ್ದೇನು

ಹೆಡ್ಡಿಂಗ್ ಪರೀಕ್ಷೆಯ ಅತಿ ದೊಡ್ಡ ಬಹಿರಂಗ ದಾಖಲೆ ಅಮೆರಿಕದ 'ಅಪ್‌ವರ್ದಿ' ಎಂಬ ತಾಣದ್ದು. ಒಂದೊಂದು ಸುದ್ದಿಗೆ 25 ಹೆಡ್ಡಿಂಗ್ ಬರೆಸುತ್ತಿದ್ದ ಸಂಸ್ಥೆ ಅದು. 2013ರಿಂದ 2015ರವರೆಗೆ ಅವರು ನಡೆಸಿದ 32,487 ಪರೀಕ್ಷೆಗಳ ವಿವರವನ್ನು ಸಂಶೋಧಕರು 2021ರಲ್ಲಿ ಎಲ್ಲರಿಗೂ ತೆರೆದಿಟ್ಟರು. 2023ರಲ್ಲಿ ಇನ್ನೊಂದು ತಂಡ ಅದರಿಂದ ಒಂದು ಲಕ್ಷಕ್ಕೂ ಹೆಚ್ಚು ಹೆಡ್ಡಿಂಗ್‌ಗಳನ್ನು ಪರಿಶೀಲಿಸಿತು. ಅವರು ಹೋಲಿಸಿದ್ದು ಒಂದೇ ಸುದ್ದಿಯ ಬೇರೆ ಬೇರೆ ಹೆಡ್ಡಿಂಗ್‌ಗಳನ್ನು.

ಆ ಅಧ್ಯಯನದ ಸಾರವನ್ನು ಎಲ್ಲರೂ ಹೇಳುತ್ತಾರೆ: ನಕಾರಾತ್ಮಕ ಪದ ಸೇರಿಸಿದರೆ ಕ್ಲಿಕ್ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಸರಾಸರಿ ಉದ್ದದ ಹೆಡ್ಡಿಂಗ್‌ಗೆ ಅಂಥ ಒಂದು ಪದ ಹೆಚ್ಚಾದರೆ ಕ್ಲಿಕ್ ಪ್ರಮಾಣ ಹೆಚ್ಚುವುದು ಶೇಕಡ 2.3ರಷ್ಟು. ಅಂದರೆ 100 ಕ್ಲಿಕ್ ಬರುವಲ್ಲಿ 102 ಚಿಲ್ಲರೆ. ಇನ್ನೂ ಒಂದು ಸಂಗತಿ ಇದೆ. ದುಃಖದ ಪದಗಳು ಕ್ಲಿಕ್ ಹೆಚ್ಚಿಸಿದರೆ, ಭಯದ ಪದಗಳು ಕಡಿಮೆ ಮಾಡಿದ್ದವು. 'ಬೆಚ್ಚಿಬಿದ್ದ ಜನ', 'ನಡುಗಿದ ನಗರ' ಎಂದು ಬರೆಯುವವರು ಇದನ್ನು ಗಮನಿಸಬೇಕು.

ಇದು ಇಂಗ್ಲಿಷ್ ಓದುಗರ, ಹತ್ತು ವರ್ಷ ಹಿಂದಿನ, ಒಂದೇ ತಾಣದ ಫಲಿತಾಂಶ. ದಾವಣಗೆರೆಗೆ ನೇರವಾಗಿ ಹೊತ್ತು ತರಲಾಗದು. ಆದರೆ ಅದರಿಂದ ಒಂದು ಅಳತೆ ಸಿಗುತ್ತದೆ. ಅಷ್ಟು ದೊಡ್ಡ ದಾಖಲೆಯಲ್ಲಿ ಒಂದು ಪದದ ಪರಿಣಾಮ ಕಂಡದ್ದು ನೂರಕ್ಕೆ ಎರಡು. ಯಾರಾದರೂ ಒಂದು ಮಧ್ಯಾಹ್ನದಲ್ಲಿ, ಒಂದು ಗ್ರೂಪಿನಲ್ಲಿ 'ಕಣ್ಣೀರು' ಎಂದು ಹಾಕಿ ಕ್ಲಿಕ್ ದುಪ್ಪಟ್ಟಾಯಿತು ಎಂದರೆ, ಆ ದುಪ್ಪಟ್ಟು ಕಣ್ಣೀರಿನಿಂದ ಬಂದಿದೆ ಎಂದು ನಂಬುವುದಕ್ಕಿಂತ ಗ್ರೂಪು, ಹೊತ್ತು, ಫೋಟೊ, ಫಾರ್ವರ್ಡ್ ಇವುಗಳಲ್ಲಿ ಹುಡುಕುವುದು ಮೇಲು.

ಒಂದೇ ಅಂಶ ಬದಲಿಸುವ ನಿಯಮಕ್ಕೂ ಮಿತಿ ಇದೆ ಎಂಬುದನ್ನು ಒಪ್ಪಬೇಕು. ಊರಿನ ಹೆಸರು ಹೇಳಿಕೆಯಲ್ಲಿ ಕೆಲಸ ಮಾಡಿ ಪ್ರಶ್ನೆಯಲ್ಲಿ ಮಾಡದೇ ಇರಬಹುದು. ಎರಡು ಅಂಶ ಸೇರಿದಾಗಿನ ಗುಣ ಬೇರೆಯೇ ಇರಬಹುದು. ಫಿಶರ್ ಅವರೇ ಹೊಲದ ಪ್ರಯೋಗಗಳಲ್ಲಿ ಹಲವು ಅಂಶಗಳನ್ನು ಕ್ರಮವಾಗಿ ಹೆಣೆದು ಒಟ್ಟಿಗೆ ಪರೀಕ್ಷಿಸಬೇಕು ಎಂದು ವಾದಿಸಿದವರು. ಎರಡು ಅಂಶ ಎಂದರೆ ನಾಲ್ಕು ಹೆಡ್ಡಿಂಗ್, ನಾಲ್ಕು ಗುಂಪು. ಲಕ್ಷಗಟ್ಟಲೆ ಓದುಗರಿರುವ ಕಡೆ ಅದು ಸಲ್ಲುತ್ತದೆ. 400 ಜನರನ್ನು ನಾಲ್ಕಾಗಿ ಸೀಳಿದರೆ ತಲಾ 100 ಉಳಿದು ಯಾವುದೂ ತಿಳಿಯುವುದಿಲ್ಲ. ನಮ್ಮ ಅಳತೆಗೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಸರಿ.

ಕೆಲವು ಸುದ್ದಿಗಳಲ್ಲಿ ಪರೀಕ್ಷೆಯೇ ಬೇಡ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ನದಿ ದಡದವರು ಎಚ್ಚರವಾಗಿರಿ ಎಂಬ ಸುದ್ದಿಯಲ್ಲಿ ಅರ್ಧ ಜನರಿಗೆ ಮಂಕಾದ ಹೆಡ್ಡಿಂಗ್ ಕಳಿಸಿ ನೋಡುವುದು ಅಪರಾಧಕ್ಕೆ ಸಮ. ಸಾವು, ಮಕ್ಕಳ ಮೇಲಿನ ದೌರ್ಜನ್ಯ, ಎರಡು ಸಮುದಾಯಗಳ ನಡುವಿನ ಬಿಗುವು, ಇಲ್ಲೆಲ್ಲ ಯಾವ ಪದ ಹೆಚ್ಚು ಓಡುತ್ತದೆ ಎಂಬ ಪ್ರಶ್ನೆಯನ್ನೇ ಕೇಳಬಾರದು.

ಉಳಿದ ಸುದ್ದಿಗಳಿಗೆ ನಮ್ಮ ಒತ್ತಾಯ ಇಷ್ಟೆ. 'ಹೊಸ ಹೆಡ್ಡಿಂಗ್ ಗೆದ್ದಿತು' ಎಂದು ಡೆಸ್ಕ್ ಹೇಳಿದಾಗ ವರದಿಗಾರ ನಾಲ್ಕು ಪ್ರಶ್ನೆ ಕೇಳಲಿ. ಎರಡರ ನಡುವೆ ಎಷ್ಟು ಅಂಶ ಬದಲಾಗಿತ್ತು? ಒಂದೇ ಬಗೆಯ ಓದುಗರಿಗೆ, ಒಂದೇ ಹೊತ್ತಿಗೆ ಹೋಗಿತ್ತೆ? ಎಣಿಸುವ ಹೊತ್ತನ್ನು ಮೊದಲೇ ಗೊತ್ತು ಮಾಡಿದ್ದರೆ? ಅಂತರ ಎಷ್ಟು, ಒಟ್ಟು ಕ್ಲಿಕ್ ಎಷ್ಟು? ನಾಲ್ಕಕ್ಕೂ ಉತ್ತರ ಸಿಕ್ಕರೆ, ಫಲಿತಾಂಶ ನಮಗೆ ಇಷ್ಟವಿಲ್ಲದಿದ್ದರೂ ತಲೆಬಾಗಿಸಬೇಕು. ಉತ್ತರ ಸಿಗದಿದ್ದರೆ ಅದು ಡೆಸ್ಕ್‌ನ ಅಭಿರುಚಿ. ಅಭಿರುಚಿಗೂ ಬೆಲೆ ಇದೆ, ಆದರೆ ಅದನ್ನು ಓದುಗರ ತೀರ್ಪು ಎಂದು ಕರೆಯುವಂತಿಲ್ಲ. ಆಗ 'ಕೊನೆ ಭಾಗದ ರೈತರಿಗೆ ತಲುಪದ ನೀರು' ಎಂದು ನೇರವಾಗಿ ಬರೆದವನ ಮಾತಿಗೂ ಅಷ್ಟೇ ಬೆಲೆ ಇರಬೇಕು.